‘ನಾವು’ ಎಂಬ ಪದ ತಂದ ತೊಡಕು

ಶ್ರದ್ಧಾಂಜಲಿ ಸಭೆಗಳಿಗೆ ನುಡಿನಮನ ಮತ್ತು ಕವಿತೆಗಳನ್ನು ಬರೆದುಕೊಡುವುದು ನನ್ನ ಕೆಲಸ. ಒಮ್ಮೆ ತಾಯಿಯನ್ನು ಕಳೆದುಕೊಂಡ ಅಕ್ಕ-ತಮ್ಮ ನನ್ನ ಬಳಿ ಬಂದರು. ತಾಯಿ ದೈವಭಕ್ತೆ, ಮಗಳೂ ಹಾಗೆಯೇ. ಮಗ ಮಾತ್ರ ನಂಬಿಕೆಯನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಸಭೆಗೆ ಬರುವವರಲ್ಲಿ ಬೇರೆ ಬೇರೆ ಧರ್ಮದವರೂ ಯಾವ ಧರ್ಮವನ್ನೂ ಅನುಸರಿಸದವರೂ ಇದ್ದರು. ಆದರೂ ಭಕ್ತಿಯ ಕವಿತೆಯೇ ಬೇಕು ಎಂಬುದು ಮಗಳ ಬೇಡಿಕೆ.

ಮೊದಲ ಕರಡನ್ನು ರೂಢಿಯ ದಾರಿಯಲ್ಲೇ ಬರೆದೆ: ‘ಪ್ರಭುವೇ, ನಿನ್ನಡಿಯ ಸೇರಿದಳು ಅಮ್ಮ, ನಿನ್ನಿಚ್ಛೆಗೆ ನಾವು ತಲೆಬಾಗುವೆವು.’ ಮಗ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, “ನಾನು ತಲೆಬಾಗಿಲ್ಲ ಸರ್, ನನ್ನ ಬಾಯಲ್ಲಿ ಇದನ್ನು ಹೇಳಿಸಬೇಡಿ” ಎಂದರು. ಕನ್ನಡದ ‘ನಾವು’ ಎದುರಿಗಿರುವವರನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಎಂಬುದನ್ನು ತಾನಾಗಿ ಹೇಳುವುದಿಲ್ಲ. ವೇದಿಕೆಯ ಮೇಲೆ ನಿಂತು ‘ತಲೆಬಾಗುವೆವು’ ಎಂದು ಓದಿದರೆ ಕೇಳುತ್ತಾ ಕುಳಿತವರೆಲ್ಲರೂ ಆ ಕ್ರಿಯಾಪದದೊಳಗೆ ಸೇರಿಬಿಡುತ್ತಾರೆ.

ಎರಡನೆಯ ಕರಡಿನಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಯಾರಿಗೂ ನೋವಾಗಬಾರದೆಂದು ದೇವರನ್ನು ತೆಗೆದು, ‘ಅನಂತ ಶಕ್ತಿಯಲ್ಲಿ ಬೆರೆತಳು, ಬೆಳಕಾಗಿ ಉಳಿದಳು’ ಎಂದು ತಿದ್ದಿದೆ. ಅದನ್ನು ಓದಿದ ಮಗಳು, “ಅಮ್ಮ ಯಾವ ಶಕ್ತಿಗೂ ಕೈಮುಗಿದವರಲ್ಲ, ಅವರಿಗೆ ದೇವರೆಂದರೆ ದೇವರೇ” ಎಂದರು. ಮಗನಿಗೂ ಸಮಾಧಾನವಾಗಲಿಲ್ಲ, ಏಕೆಂದರೆ ಸತ್ತವರು ಎಲ್ಲೋ ಬೆರೆತಿದ್ದಾರೆ ಎಂಬುದು ಕೂಡ ಒಂದು ನಂಬಿಕೆಯೇ. ಮೋಕ್ಷ, ಸ್ವರ್ಗ, ಪುನರುತ್ಥಾನ ಎಂಬ ಪದಗಳಿಗೆ ಒಂದೊಂದು ಮನೆಯಾದರೂ ಇದೆ. ನನ್ನ ‘ಅನಂತ ಶಕ್ತಿ’ಗೆ ಅದೂ ಇರಲಿಲ್ಲ.

ಆಮೇಲೆ ತಾಯಿಯ ಬಗ್ಗೆ ವಿಚಾರಿಸುತ್ತಾ ಕುಳಿತೆ. ಅವರ ಪ್ರಾರ್ಥನಾ ಪುಸ್ತಕದ ನಡುವೆ ಕನ್ನಡಕ ಇನ್ನೂ ಹಾಗೆಯೇ ಇದೆ, ಯಾರೂ ತೆಗೆದಿಲ್ಲ ಎಂದು ಹೇಳಿದವರು ಮಗನೇ. ಆಗ ಕವಿತೆಯನ್ನು ದೇವರ ಕಡೆಯಿಂದ ತಿರುಗಿಸಿ ತಾಯಿಯ ಕಡೆಗೆ ನಿಲ್ಲಿಸಿದೆ:

ನೀನು ಕರೆದವನ ಹೆಸರು ನಿನ್ನ ತುಟಿಯಲ್ಲಿತ್ತು,
ನಮ್ಮ ತುಟಿಯಲ್ಲೀಗ ನಿನ್ನ ಹೆಸರು.
ಪುಸ್ತಕದ ನಡುವೆ ಮಡಿಸಿಟ್ಟ ಕನ್ನಡಕ
ಓದು ನಿಂತ ಪುಟವನಿನ್ನೂ ಕಾಯುತಿದೆ.

ಇಲ್ಲಿ ದೇವರು ಇದ್ದಾನೆ, ಆದರೆ ತಾಯಿ ಕರೆದವನಾಗಿ ಇದ್ದಾನೆ. ಆಕೆ ನಂಬಿದ್ದರು ಎಂಬುದನ್ನು ನಂಬದವರೂ ಒಪ್ಪಲೇಬೇಕು. ಕೊನೆಯ ಚರಣಕ್ಕೆ ‘ಇರಲಿ’ ಎಂಬ ಹಾರೈಕೆಯ ರೂಪ ಒದಗಿ ಬಂತು. ‘ಹಿಡಿದಿದ್ದಾನೆ’ ಎಂದರೆ ಸಾರಿದಂತೆ, ‘ಹಿಡಿದಿರಲಿ’ ಎಂದರೆ ಬಯಸಿದಂತೆ.

ನೀನು ನಂಬಿದವನು ನಿನ್ನ ಕೈ ಹಿಡಿದಿರಲಿ,
ಕೈ ಜಾರಿದ ನಮಗೆ ಅಳಲು ಬಿಡುವಿರಲಿ.

ಈ ಉಪಾಯಕ್ಕೂ ಮಿತಿಯುಂಟು. ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಒಪ್ಪದ ಕ್ರೈಸ್ತ ಪಂಗಡಗಳಿವೆ. ಅಂಥವರಿಗೆ ಇಷ್ಟು ಹಾರೈಕೆಯೂ ಹೆಚ್ಚೆನಿಸಬಹುದು. ಆದ್ದರಿಂದ ಸಭೆಗೆ ಮೊದಲೇ ಕೇಳಿ ತಿಳಿದುಕೊಳ್ಳುತ್ತೇನೆ, ಮತ್ತು ಎಲ್ಲರೂ ಎದ್ದು ನಿಂತು ಕೊನೆಯ ಸಾಲನ್ನು ಹೇಳಬೇಕು ಎಂಬ ಸೂಚನೆಯನ್ನು ಈಗ ಬರೆಯುವುದೇ ಇಲ್ಲ.

ಆದರೆ ಮಗಳಿಗೆ ನೇರವಾದ ಒಂದು ಪ್ರಾರ್ಥನೆ ಬೇಕೇ ಬೇಕಿತ್ತು, ಮತ್ತು ಅದಿಲ್ಲದೆ ಭಕ್ತಿಗೀತೆ ಎನ್ನುವುದು ನನಗೂ ಸುಳ್ಳೆನಿಸುತ್ತಿತ್ತು. ಹಾಗಾಗಿ ನಡುವಿನ ಚರಣವನ್ನು ‘ನಾನು’ ಎಂಬ ಏಕವಚನದಲ್ಲಿ ಬರೆದು, ಅದನ್ನು ಅವರೊಬ್ಬರೇ ಓದಬೇಕೆಂದು ಕೇಳಿಕೊಂಡೆ:

ದೇವರೇ, ಅವಳ ದನಿಯಿಲ್ಲದ ಮನೆಯಲ್ಲಿ
ನಾನು ನಿನ್ನ ಹೇಗೆ ಕರೆಯಲಿ?
ಕರೆಯಲು ಕಲಿಸಿದವಳನ್ನೇ
ಕರೆದುಕೊಂಡೆಯಲ್ಲ.

ದೇವರ ಮೇಲೆ ದೂರು ಹೇಳಬಹುದೇ ಎಂದು ಅವರು ಅಳುಕಿದರು. ಭಕ್ತಿಯ ಪರಂಪರೆಗಳಲ್ಲಿ ಇದು ಹೊಸದಲ್ಲ. ಬೈಬಲ್ಲಿನ 88ನೆಯ ಕೀರ್ತನೆ ಸಾಂತ್ವನದ ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯಾಗಿಯೇ ಉಳಿದಿದೆ. ನಂಬದವರಿಗೂ ಈ ಚರಣ ಕಷ್ಟವಾಗದು, ಏಕೆಂದರೆ ಒಬ್ಬರ ಪ್ರಾರ್ಥನೆಯನ್ನು ಕೇಳಿಸಿಕೊಳ್ಳುವುದು ಅದರಲ್ಲಿ ಸೇರಿದಂತಲ್ಲ.

ಮೂರೂ ಚರಣಗಳನ್ನು ಅಕ್ಕನೇ ಓದುವುದೆಂದು ನಿಶ್ಚಯವಾಗಿತ್ತು. ಸಭೆಯ ದಿನ ‘ಕರೆದುಕೊಂಡೆಯಲ್ಲ’ ಎಂಬಲ್ಲಿ ಅವರ ದನಿ ಒಡೆಯಿತು, ಹಾಳೆ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಯಾರೂ ಅಲುಗಾಡಲಿಲ್ಲ. ಆಮೇಲೆ ತಮ್ಮ ಎದ್ದು ಬಂದು, ಅಕ್ಕನ ಕೈಯಿಂದ ಹಾಳೆಯನ್ನು ತೆಗೆದುಕೊಂಡು, ‘ನೀನು ನಂಬಿದವನು ನಿನ್ನ ಕೈ ಹಿಡಿದಿರಲಿ’ ಎಂಬಲ್ಲಿಂದ ಓದಿದರು.