ಚದರಕ್ಕೆ ಎಷ್ಟು ಕಬ್ಬಿಣ ಅಂತ ಕೇಳುವವರಿಗೆ

"ಸಾರ್, ದಾವಣಗೆರೆಯಲ್ಲಿ ನಮ್ದು 25ಕ್ಕೆ 35ರ ಮನೆ. ರಾಫ್ಟ್ ಹಾಕ್ಸಿದ್ರೆ ಕಾಂಕ್ರೀಟ್ ಎಷ್ಟು, ಕಬ್ಬಿಣ ಎಷ್ಟು? ಚದರಕ್ಕೆ ಇಷ್ಟು ಅಂತ ಒಂದು ಅಂದಾಜು ಹೇಳಿ ಸಾಕು."

ಕಾಂಕ್ರೀಟ್ 28 ಘನ ಮೀಟರ್, ಕಬ್ಬಿಣ ಎರಡೂವರೆ ಟನ್. ಆದರೆ ಇದು ನಾನು ಲೆಕ್ಕ ಹಾಕಿದ ಒಂದು ಮನೆಯ ಉತ್ತರ, ನಿಮ್ಮ ಮನೆಯದಲ್ಲ. ಆ ಮನೆಯ ಡಿಸೈನ್‌ನಲ್ಲಿ ರಾಫ್ಟ್, ಅಂದರೆ ಇಡೀ ಮನೆಯ ಅಡಿಗೆ ಹರಡುವ ಒಂದೇ ಕಾಂಕ್ರೀಟ್ ಚಪ್ಪಡಿಯ ಪಾಯ, 300 ಮಿಲಿಮೀಟರ್ ದಪ್ಪ ಇತ್ತು. ಮೇಲೊಂದು ಕೆಳಗೊಂದು ಜಾಲರಿ, ಎರಡರಲ್ಲೂ 12 ಎಂಎಂ ಕಂಬಿ, ಎರಡೂ ದಿಕ್ಕಿಗೆ 150 ಮಿಲಿಮೀಟರ್‌ಗೊಂದು. ಮಹಡಿ ಒಂದೇ. ಅದೇ ಅಳತೆಯ ಜಾಗದಲ್ಲಿ ಮೂರು ಮಹಡಿ ಎಬ್ಬಿಸಿದರೆ ಪಿಲ್ಲರ್ ಮೇಲಿನ ಭಾರ ಬೇರೆ, ದಪ್ಪ ಬೇರೆ, ಕಂಬಿ ಬೇರೆ. ಚದರ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಚದರದ ಲೆಕ್ಕದಲ್ಲಿ ಪಾಯ ಕೇಳಬೇಡಿ. ಎಷ್ಟು ಸಲ ಹೇಳಿದರೂ ಮತ್ತೆ ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಮನೆ 25ಕ್ಕೆ 35 ಅಡಿ ಇದ್ದರೂ ರಾಫ್ಟ್ ಅಷ್ಟೇ ಇರಲಿಲ್ಲ. ಸುತ್ತ ಒಂದೊಂದು ಅಡಿ ಹೊರಗೆ ಚಾಚಿತ್ತು. ಅಂದರೆ 27ಕ್ಕೆ 37 ಅಡಿ, ಮೀಟರ್ ಲೆಕ್ಕದಲ್ಲಿ 8.2ಕ್ಕೆ 11.3. ಇದನ್ನು 0.3ರಿಂದ ಗುಣಿಸಿದರೆ 27.8 ಘನ ಮೀಟರ್. ನಾನು ತರಿಸಲು ಹೇಳಿದ್ದು 30. ರಾಫ್ಟಿನ ಅಡಿಗೆ ಮೊದಲೇ ಹಾಕುವ ಬೆಡ್ ಕಾಂಕ್ರೀಟ್ ಬರೀ 20 ಮಿಲಿಮೀಟರ್ ತಗ್ಗಿದ್ದರೂ ಸುಮಾರು 2 ಘನ ಮೀಟರ್ ಅಲ್ಲೇ ಮಾಯ. ಸಂಜೆ ಹೊತ್ತಿಗೆ ಒಂದು ಮೂಲೆಗೆ ಕಾಂಕ್ರೀಟ್ ಸಾಲಲಿಲ್ಲ ಅಂತ ಮಾರನೇ ದಿನ ಹಾಕಿದರೆ ಅಲ್ಲಿ ಜಾಯಿಂಟ್ ಬೀಳುತ್ತದೆ. ಬೆಡ್ ಕಾಂಕ್ರೀಟಿನದು ಬೇರೆ ಲೆಕ್ಕ. ಅದನ್ನು ಇದರಲ್ಲಿ ಸೇರಿಸಿಲ್ಲ.

ಈಗ ಕಂಬಿ. ಕಂಬಿಯನ್ನು ಮುಚ್ಚುವ ಕಾಂಕ್ರೀಟಿಗೆ, ಅಂದರೆ ಕವರ್‌ಗೆ, ಸುತ್ತ 50 ಮಿಲಿಮೀಟರ್ ಬಿಟ್ಟು, 150ಕ್ಕೊಂದರಂತೆ ಎಣಿಸಿದರೆ ಒಂದು ಜಾಲರಿಗೆ ಉದ್ದದ ಕಂಬಿ 55, ಅಡ್ಡದ ಕಂಬಿ 76. ಜಾಲರಿ ಎರಡು. ಉದ್ದದವು 110, ಅಡ್ಡದವು 152. ಎರಡೂ ತುದಿಗೆ 200 ಮಿಲಿಮೀಟರ್ ಮಡಿಕೆ ಸೇರಿಸಿದರೆ ಉದ್ದದ ಒಂದು ಕಂಬಿ 11.6 ಮೀಟರ್, ಅಡ್ಡದ್ದು 8.5 ಮೀಟರ್.

ತೂಕಕ್ಕೆ ಕಂಬಿ ಕಟ್ಟುವವರಿಗೆಲ್ಲ ಗೊತ್ತಿರುವ ಲೆಕ್ಕವೇ ಸಾಕು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 144 ಭಾಗ 162, ಮೀಟರಿಗೆ 0.889 ಕೆಜಿ. ಎರಡೂ ಜಾಲರಿ ಸೇರಿ 2,283 ಕೆಜಿ ಬಂತು. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಕಂಬಿ 12 ಮೀಟರ್ ಉದ್ದ ಅನ್ನುವುದು ಮರೆತೇ ಹೋಗುತ್ತದೆ. ಉದ್ದದ ಕಂಬಿಗೆ ತೊಂದರೆ ಇಲ್ಲ, 40 ಸೆಂಟಿಮೀಟರ್ ಅಷ್ಟೇ ಉಳಿಯುತ್ತದೆ. ಅಡ್ಡದ್ದಕ್ಕೆ 8.5 ಕತ್ತರಿಸಿದರೆ ಪ್ರತಿ ಸಲ 3.5 ಮೀಟರ್ ತುಂಡು ಉಳಿಯುತ್ತದೆ. ಅದನ್ನು ಗುಜರಿಗೆ ಹಾಕಿದರೆ 262 ಪೂರ್ತಿ ಕಂಬಿ, ಸುಮಾರು 2,800 ಕೆಜಿ ಬೇಕು. ನಾವು ಹಾಗೆ ಮಾಡಲಿಲ್ಲ. ಮೂರು ತುಂಡು ಜೋಡಿಸಿ ಒಂದು ಅಡ್ಡ ಕಂಬಿ ಮಾಡಿದೆವು. ಜೋಡಿಸುವ ಕಡೆ ಎರಡು ತುಂಡು ಅಕ್ಕಪಕ್ಕ ಸೇರಿ ಹೋಗುವ ಉದ್ದವೇ ಲ್ಯಾಪ್. 12 ಎಂಎಂ ಕಂಬಿಗೆ ಅದು 600 ಮಿಲಿಮೀಟರ್ ಆದರೂ ಬೇಕು, ಇಲ್ಲಿ ಒಂದೊಂದು ಮೀಟರ್ ಸಿಕ್ಕಿತು. 114 ಪೂರ್ತಿ ಕಂಬಿ ಕತ್ತರಿಸಿದಾಗ ಉಳಿದ 114 ತುಂಡಿನಲ್ಲಿ ಬಾಕಿ 38 ಆದವು. ಲ್ಯಾಪ್ ಇರುವ ಕಂಬಿಗಳನ್ನು ಒತ್ತೊತ್ತಾಗಿ ಕೂರಿಸಲಿಲ್ಲ, ಮೂರು ಬಿಟ್ಟು ಒಂದು ಹಾಕಿದೆವು. ಲ್ಯಾಪ್ ಎಲ್ಲಿ ಬೀಳುತ್ತದೆ ಅಂತ ಡಿಸೈನ್ ಮಾಡಿದವರಿಗೆ ಮೊದಲೇ ತೋರಿಸಿದ್ದೆವು. ಒಟ್ಟು 224 ಕಂಬಿ, 2,390 ಕೆಜಿ. ಮನೆಯವರಿಗೆ 400 ಕೆಜಿ ಉಳಿಯಿತು.

ಇಷ್ಟು ಹೇಳಿದ ಮೇಲೆ ಮುಂದಿನ ಮಾತು ಯಾವಾಗಲೂ ಒಂದೇ. "ಮೇಲಿನ ಜಾಲರಿ ಬಿಟ್ಟರೆ ಅರ್ಧಕ್ಕರ್ಧ ಉಳಿಯುತ್ತಲ್ವಾ? ಭಾರ ಕೆಳಗೆ ತಾನೇ ಹೋಗೋದು?" ಇದು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ರಾಫ್ಟ್ ಅಂದರೆ ತಲೆಕೆಳಗಾದ ಮೋಲ್ಡು. ತಾರಸಿಯಲ್ಲಿ ಭಾರ ಮೇಲಿಂದ ಒತ್ತುತ್ತದೆ, ಇಲ್ಲಿ ನೆಲ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಪಿಲ್ಲರ್ ಬುಡದಲ್ಲಿ ಅಡಿಭಾಗ ಹಿಗ್ಗುತ್ತದೆ. ಎರಡು ಪಿಲ್ಲರ್ ನಡುವೆ ಮೇಲ್ಭಾಗ ಹಿಗ್ಗುತ್ತದೆ. ಹಿಗ್ಗುವ ಕಡೆ ಕಂಬಿ ಇಲ್ಲದಿದ್ದರೆ ಕಾಂಕ್ರೀಟ್ ಬಿರುಕು ಬಿಡುತ್ತದೆ. ಅದರ ಮೇಲೆ ನಮ್ಮ ಕಡೆಯ ಎರೆ ಮಣ್ಣು ಬೇರೆ. ಮಳೆ ಬಂದರೆ ಅಂಚಿನ ಮಣ್ಣು ಮೊದಲು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಚೇ ಮೊದಲು ಒಣಗಿ ಕುಗ್ಗುತ್ತದೆ. ರಾಫ್ಟ್ ಒಂದು ಕಾಲದಲ್ಲಿ ಬಟ್ಟಲಿನ ಹಾಗೆ, ಇನ್ನೊಂದು ಕಾಲದಲ್ಲಿ ಬೋರಲು ಬಟ್ಟಲಿನ ಹಾಗೆ ಬಾಗಲು ನೋಡುತ್ತದೆ. ಎರಡು ಜಾಲರಿ ಇದ್ದರೂ ಎರೆ ಗಟ್ಟಿಯಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕೆಂದರೆ ಎರೆ ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿಸುವ ಕೆಲಸ ಇದ್ದೇ ಇರುತ್ತದೆ.

ನೀವು ಕೇಳಬೇಕಾದ್ದು ಬೇರೆಯೇ ಇದೆ. ಮೇಲಿನ ಜಾಲರಿ ಕೊನೆಯವರೆಗೂ ಮೇಲೆಯೇ ನಿಲ್ಲುತ್ತಾ? ಇದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಹರಿಹರದ ಕಡೆ ಒಂದು ಕೆಲಸದಲ್ಲಿ ಕಾಂಕ್ರೀಟ್ ಶುರುವಾದ ಮೇಲೆ ನಾನು ಹೋದೆ. ಜಾಲರಿ ನೋಡಲು ಚೆನ್ನಾಗಿತ್ತು, ಕಟ್ಟು ಎಲ್ಲ ಬಿಗಿಯಾಗಿತ್ತು. ಆದರೆ ನಾನು ಕಾಲಿಟ್ಟ ಕಡೆ ಕಂಬಿ ಮಂಚದ ನವಾರಿನ ಹಾಗೆ ತಗ್ಗಿತು. ಮೇಲಿನ ಜಾಲರಿಯನ್ನು ಎತ್ತಿ ಹಿಡಿಯಲು ಕಂಬಿ ಬಗ್ಗಿಸಿ ಮಾಡುವ ಚೇರ್ ಎಲ್ಲಿ ಅಂತ ಬಗ್ಗಿ ನೋಡಿದರೆ ಎರಡೂವರೆ ಮೀಟರಿಗೊಂದು ಇತ್ತು. ಕಾಂಕ್ರೀಟ್ ಹಾಕಿದ್ದ ಕಡೆ ಹೋಗಿ, ಹಸಿ ಕಾಂಕ್ರೀಟಿನಲ್ಲಿ ಸ್ಟೀಲ್ ಸ್ಕೇಲ್ ಇಳಿಸಿದೆ. 50 ಮಿಲಿಮೀಟರಿಗೆ ಕಂಬಿ ತಾಗಬೇಕಿತ್ತು. 110ಕ್ಕೆ ತಾಗಿತು. 60 ಮಿಲಿಮೀಟರ್ ಕುಸಿದಿತ್ತು. ಕಂಬಿಯ ತೂಕ ಬಿಲ್ಲಿನಲ್ಲಿ ಅಷ್ಟೇ ಇದೆ, ರಾಫ್ಟ್ ದಪ್ಪವೂ ಅಷ್ಟೇ ಇದೆ. ಆದರೆ ಆ ಕಂಬಿಯ ಕೆಲಸ ಅದು ಎಷ್ಟು ಮೇಲೆ ಕೂತಿದೆ ಅನ್ನುವುದರ ಮೇಲೆ ನಿಂತಿದೆ. ಅಡಿಯಿಂದ 238 ಮಿಲಿಮೀಟರ್ ಎತ್ತರದಲ್ಲಿರಬೇಕಾದ್ದು 178ಕ್ಕೆ ಬಂದರೆ ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ಮೇಸ್ತ್ರಿ "ಏನಾಗಲ್ಲ ಬಿಡಿ ಸಾರ್" ಅಂದರು. ನಾನು ಕೆಲಸ ನಿಲ್ಲಿಸಿದೆ. ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು. ಜಾಲರಿಯನ್ನು ಕೊಕ್ಕೆಯಿಂದ ಎತ್ತಿ, ಅಡಿಗೆ ಚೇರ್ ತುರುಕಿ, ಮತ್ತೆ ವೈಬ್ರೇಟರ್ ಹಾಕಿಸಲು ಮುಕ್ಕಾಲು ಗಂಟೆ ಹಿಡಿಯಿತು. ಒಂದೆರಡು ತಾಸು ತಡವಾಗಿ ಹೋಗಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ಚೇರ್ ಲೆಕ್ಕ ದೊಡ್ಡದೇನಲ್ಲ. 300ರಲ್ಲಿ ಮೇಲೆ ಕೆಳಗೆ ಕವರ್ ನೂರು ಹೋಯಿತು, ಎರಡು ಜಾಲರಿಯ ಕಂಬಿ ದಪ್ಪ 48 ಹೋಯಿತು. ಕೆಳಗಿನ ಜಾಲರಿ ಮೇಲೆ ನಿಲ್ಲುವ ಚೇರ್ 152 ಮಿಲಿಮೀಟರ್ ಎತ್ತರ ಇರಬೇಕು. ಪಾದ ಎರಡು ಕಂಬಿಯ ಮೇಲೆ ಕೂರುವಷ್ಟು ಉದ್ದ ಇರಲಿ, ಇಲ್ಲದಿದ್ದರೆ ಸಂದಿಗೆ ಜಾರುತ್ತದೆ. ಮೀಟರಿಗೊಂದು ಅಂದರೆ ಈ ರಾಫ್ಟಿಗೆ ಸುಮಾರು 90 ಚೇರ್. ಒಂದಕ್ಕೆ ಒಂದು ಮೀಟರ್ ಕಂಬಿ ಹಿಡಿದರೂ ಒಟ್ಟು 80 ಕೆಜಿ. 2,390ಕ್ಕೆ ಇದನ್ನು ಸೇರಿಸಿದಾಗಲೇ ಆ ಎರಡೂವರೆ ಟನ್ ಆಗುವುದು. ಬೈಂಡಿಂಗ್ ವೈರ್ 20-25 ಕೆಜಿ ಬೇರೆ. ಕಂಬಿ ತರಿಸುವ ಚೀಟಿಯಲ್ಲಿ ಚೇರಿಗೆ ಅಂತಲೇ ಒಂದು ಸಾಲು ಬರೆಯಿರಿ. ಕಾಂಕ್ರೀಟ್ ಲಾರಿ ಬರುವ ಮೊದಲು ಮನೆಯವರೇ ಒಂದು ಸಲ ಜಾಲರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ಎಲ್ಲಿ ತಗ್ಗುತ್ತದೋ ಅಲ್ಲೇ ನಿಂತು ಇನ್ನೊಂದು ಚೇರ್ ಹಾಕಿಸಿ.