ಶ್ರಾವಣ ಎರಡು ಬಂದ ವರ್ಷ

ಮಲ್ಲೇಶ್ವರದ ಒಂದು ಸಣ್ಣ ಬಟ್ಟೆ ಅಂಗಡಿಯಲ್ಲಿ ಸ್ಟಾಕ್ ಮತ್ತು ಆಫರ್ ನೋಡಿಕೊಳ್ಳುವುದು ನನ್ನ ಕೆಲಸ. ಸೀರೆ, ಬ್ಲೌಸ್ ಪೀಸ್, ಪಂಚೆ, ಸ್ಕೂಲ್ ಯೂನಿಫಾರಂ, ಇಷ್ಟೇ ನಮ್ಮ ಲೋಕ. 2023ರ ಜುಲೈ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ವರ್ಷ ಯಜಮಾನರು ಪ್ರಚಾರದ ಕೆಲಸವನ್ನು ಒಂದು ಏಜೆನ್ಸಿಗೆ ವಹಿಸಿದ್ದರು. ಅವರು ವರ್ಷವಿಡೀ ಆಗುವ ಹಾಗೆ ಆಫರ್ ದಿನಗಳ ಬಣ್ಣ ಬಣ್ಣದ ಶೀಟ್ ಮಾಡಿ ಕೊಟ್ಟರು. ನೋಡೋಕೆ ಚೆನ್ನಾಗಿತ್ತು. ಆದರೆ ಮಾಡಿದ್ದು ಇಷ್ಟೇ: ಹಿಂದಿನ ವರ್ಷದ ಶೀಟಿನಲ್ಲಿ 2022 ಅಳಿಸಿ 2023 ಅಂತ ಬರೆದು, ದಿನಗಳನ್ನು ಒಂದಿಷ್ಟು ಹಿಂದೆ ಸರಿಸಿದ್ದರು. 2022ರಲ್ಲಿ ವರಮಹಾಲಕ್ಷ್ಮಿ ಆಗಸ್ಟಿನ ಮೊದಲ ಎರಡು ವಾರದೊಳಗೆ ಮುಗಿದಿತ್ತು. ಹಾಗಾಗಿ ಹಬ್ಬದ ಆಫರ್ ಜುಲೈ 21, ಶುಕ್ರವಾರದಿಂದ ಅಂತ ಹಾಕಿದ್ದರು. ಅದಕ್ಕೆ ಸರಿಯಾಗಿ ಜುಲೈ 1ಕ್ಕೆ ಚಿಕ್ಕಪೇಟೆಯಿಂದ ಸೀರೆ ಲಾಟ್ ಬಂದಿತ್ತು, 45 ದಿನದ ಕ್ರೆಡಿಟ್ ಮೇಲೆ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಹೋದ ಅರ್ಧ ಗಂಟೆಯಲ್ಲಿ ಫೋನ್ ಶುರುವಾಯಿತು. ಮೊದಲ ಫೋನ್ ನಮ್ಮ ಹಳೇ ಗಿರಾಕಿ, ಒಬ್ಬ ಅಜ್ಜಿಯದ್ದು. "ಏನಪ್ಪಾ, ಈಗ ನಡೀತಿರೋದು ಅಧಿಕ ಶ್ರಾವಣ ಅಲ್ವಾ? ಅಧಿಕದಲ್ಲಿ ವರಮಹಾಲಕ್ಷ್ಮಿ ಎಲ್ಲಿಂದ ಬಂತು? ಹಬ್ಬ ಇರೋದು ಆಗಸ್ಟ್ 25ಕ್ಕೆ."

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಆ ವರ್ಷ ಆಷಾಢ ಜುಲೈ 17ಕ್ಕೆ ಮುಗಿಯಿತು. 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ನಿಜ ಶ್ರಾವಣ ಶುರುವಾಗಿದ್ದೇ ಆಗಸ್ಟ್ 17ಕ್ಕೆ. ಹಬ್ಬಗಳೆಲ್ಲ ನಿಜ ಮಾಸದಲ್ಲೇ. ಚಾಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಕೊರತೆ ಸೇರಿ ಸೇರಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಅದಕ್ಕೇ ಹಬ್ಬ ಒಂದೆರಡು ವರ್ಷ ಮುಂಚೆ ಮುಂಚೆ ಬರುತ್ತಾ ಹೋಗಿ, ಅಧಿಕ ಬಂದ ವರ್ಷ ಒಮ್ಮೆಲೇ ಹತ್ತೊಂಬತ್ತು ಇಪ್ಪತ್ತು ದಿನ ಮುಂದಕ್ಕೆ ಹಾರುತ್ತದೆ. ಏಜೆನ್ಸಿಯವರು ಹಬ್ಬವನ್ನು ಹಿಂದಕ್ಕೆ ಸರಿಸಿದ್ದರು, ಅದು ಮುಂದಕ್ಕೆ ಹೋಗಿತ್ತು.

ಯಜಮಾನರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಜುಲೈ 1ಕ್ಕೆ 45 ದಿನ ಸೇರಿಸಿದರೆ ಆಗಸ್ಟ್ 15. ಅಂದರೆ ಹಬ್ಬಕ್ಕೆ ಹತ್ತು ದಿನ ಮೊದಲೇ ದುಡ್ಡು ಕಟ್ಟಬೇಕು, ಸೀರೆ ಇನ್ನೂ ರ‍್ಯಾಕಿನಲ್ಲೇ. ಅವರು ಚಿಕ್ಕಪೇಟೆಗೆ ಫೋನ್ ಹಚ್ಚಿದರು. ಆ ಕಡೆಯವರು "ನೋಡಿ ಹೇಳ್ತೀನಿ" ಅಂತ ಲೈನಿನಲ್ಲೇ ಕಾಯಿಸಿದರು. ಕೌಂಟರಿನಲ್ಲಿ ನಾವೆಲ್ಲ ಸುಮ್ನೆ ಅವರ ಮುಖವನ್ನೇ ನೋಡುತ್ತಾ ನಿಂತಿದ್ದೆವು. ಕೊನೆಗೆ ಬಿಚ್ಚದ ಅರ್ಧ ಲಾಟ್ ವಾಪಸ್ ತಗೊಂಡು ಆಗಸ್ಟಿನಲ್ಲಿ ಹೊಸ ಬಿಲ್ ಮಾಡಲು ಒಪ್ಪಿದರು. ಹಳೇ ವ್ಯವಹಾರ, ಅದಕ್ಕೇ ಒಪ್ಪಿದರು. ಹೊಸಬರಾಗಿದ್ದರೆ ಆ ತಿಂಗಳು ಸಂಬಳಕ್ಕೇ ಕಷ್ಟವಿತ್ತು.

ಮಾರನೇ ದಿನವೇ ಅಂಗಡಿಯ ಮುಂಭಾಗದ ಸಾಲಿಗೆ ಪಂಚೆ, ಶಲ್ಯ, ಬ್ಲೌಸ್ ಪೀಸ್ ತಂದಿಟ್ಟೆವು. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು 33ರ ಲೆಕ್ಕದಲ್ಲಿ ದಾನ ಕೊಡುವ ಮನೆಗಳು ಬೇಕಾದಷ್ಟಿವೆ. ಅವರಿಗೆ ಬೇಕಾಗುವುದು ಇದೇ ಸಾಮಾನು. ಹಬ್ಬದ ಸೀರೆಯಷ್ಟು ಮೊತ್ತವಲ್ಲ, ಆದರೆ ಆ ತಿಂಗಳ ಬಾಡಿಗೆ ಅದರಿಂದಲೇ ಹುಟ್ಟಿತು.

ಆಮೇಲೆ ಶೀಟ್ ಮಾಡುವುದನ್ನು ನಾನೇ ತೆಗೆದುಕೊಂಡೆ. ಮೊದಲು ಪಂಚಾಂಗ ಮುಂದಿಟ್ಟುಕೊಂಡು ತಿಥಿಯ ಮೇಲೆ ಬರುವ ಹಬ್ಬಗಳನ್ನು ಬರೆಯುತ್ತೇನೆ. ಆಮೇಲೆ ಮದುವೆ ನಡೆಯದ ದಿನಗಳಿಗೆ ಬೂದು ಬಣ್ಣ ಹಾಕುತ್ತೇನೆ: ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕ ಮಾಸ, ಗುರು ಶುಕ್ರರ ಅಸ್ತ. ಈ ಕೊನೆಯದ್ದನ್ನು ಜಾಸ್ತಿ ಜನ ಮರೆಯುತ್ತಾರೆ. 2024ರಲ್ಲಿ ಏಪ್ರಿಲ್ ಕೊನೆಗೆ ಶುಕ್ರ ಅಸ್ತವಾಯಿತು, ಮೇನಲ್ಲಿ ಗುರುವೂ ಅಸ್ತ. ಶುಕ್ರ ಮತ್ತೆ ಕಾಣುವ ಹೊತ್ತಿಗೆ ಆಷಾಢ ಬಾಗಿಲಿಗೆ ಬಂದಿತ್ತು. ಮೇ ಅಂದರೆ ಮದುವೆ ಸೀಸನ್ ಅಂತ ಧಾರೆ ಸೀರೆ ತುಂಬಿಕೊಂಡ ಅಂಗಡಿಗಳು ನಮ್ಮ ರಸ್ತೆಯಲ್ಲೇ ಇದ್ದವು. ನಾವು ಆ ವರ್ಷ ಮದುವೆ ಸ್ಟಾಕನ್ನು ಫೆಬ್ರವರಿ, ಮಾರ್ಚಿಗೆ ತಂದು ಏಪ್ರಿಲ್ ಮೂರನೇ ವಾರಕ್ಕೆ ಖಾಲಿ ಮಾಡಿದ್ದೆವು.

ಇಷ್ಟಾದ ಮೇಲೂ ಹಬ್ಬದ ದಿನವೇ ಆಫರಿನ ದಿನ ಅಲ್ಲ. ಸೀರೆಗೆ ಫಾಲ್, ಪಿಕೋ ಆಗಬೇಕು, ಬ್ಲೌಸ್ ಹೊಲಿಸಬೇಕು. ನಮ್ಮ ಪಕ್ಕದ ಟೇಲರ್ ಅಕ್ಕ ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಆರ್ಡರ್ ನಿಲ್ಲಿಸುತ್ತಾರೆ. ಆ ದಿನ ಕೇಳಿಕೊಂಡು, ಅಲ್ಲಿಂದ ಹತ್ತು ದಿನ ಹಿಂದಕ್ಕೆ ಎಣಿಸಿ ಸೀರೆಯ ಆಫರ್ ಶುರು ಮಾಡುತ್ತೇನೆ. ಮಾಮೂಲಿ ವರ್ಷದಲ್ಲಿ ಅದು ಆಷಾಢದ ಕೊನೆಗೇ ಬೀಳುತ್ತದೆ. ಆಷಾಢ ಸೇಲ್ ಮತ್ತು ವರಮಹಾಲಕ್ಷ್ಮಿ ಸೀರೆ ಒಂದಕ್ಕೊಂದು ಅಂಟಿಕೊಂಡಿರುವುದು ಇದಕ್ಕೇ. 2023ರಲ್ಲಿ ನಡುವೆ ಒಂದು ತಿಂಗಳು ಬಂದು ಆ ಅಂಟು ಬಿಟ್ಟುಹೋಗಿತ್ತು. ಟೇಲರ್ ದಿನ ದಾಟಿದ ಮೇಲೆ ಸೀರೆಗೆ ಎಷ್ಟು ಡಿಸ್ಕೌಂಟ್ ಕೊಟ್ಟರೂ ಗಿರಾಕಿ ಮುಟ್ಟಿ ನೋಡಿ ಹೋಗುತ್ತಾರೆ. ಆಗ ಓಡುವುದು ರೆಡಿಮೇಡ್ ಬ್ಲೌಸ್, ತಾಂಬೂಲಕ್ಕೆ ಕೊಡುವ ಬ್ಲೌಸ್ ಪೀಸ್. ಆ ವಾರದ ಮೆಸೇಜಿನಲ್ಲಿ ಅವನ್ನೇ ಹಾಕಬೇಕು.

2026ರ ಶೀಟಿನಲ್ಲಿ ಮತ್ತೆ ಅಧಿಕ ಇದೆ, ಈ ಸಲ ಜ್ಯೇಷ್ಠ. ಮೇ 17ರಿಂದ ಜೂನ್ 15. ಯಜಮಾನರು ನೋಡಿದ ಕೂಡಲೇ ತಲೆ ಹಿಡಿದುಕೊಂಡರು. "ಮದುವೆ ಗಿರಾಕಿ ಇಲ್ಲದೆ ಒಂದು ತಿಂಗಳು ಏನ್ಮಾಡೋದು?" ನಾನು ಮೇ ಕೊನೆಯ ಸಾಲು ತೋರಿಸಿದೆ. ಸ್ಟೇಟ್ ಸಿಲಬಸ್ ಶಾಲೆಗಳು ತೆರೆಯುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮೇ ಕೊನೆ, ಜೂನ್ ಶುರು. ಸೀರೆ ಕೌಂಟರಿನ ಇಬ್ಬರನ್ನೂ ಯೂನಿಫಾರಂ ಕಡೆಗೆ ಹಾಕಬಹುದು. ಮದುವೆಯ ಜೋರು ಸೀಸನ್ನಿನಲ್ಲಿ ಶಾಲೆ ಬಂದರೆ ಅದು ಆಗುವುದೇ ಇಲ್ಲ.

ಇಲ್ಲಿ ನನಗೂ ಯಜಮಾನರಿಗೂ ಒಂದು ಜಗಳ ಇದೆ. ಅವರಿಗೆ ಯೂನಿಫಾರಂ ಮೇಲೂ ಹತ್ತು ಪರ್ಸೆಂಟ್ ಬೋರ್ಡ್ ಹಾಕುವ ಆಸೆ. ಆದರೆ ಯೂನಿಫಾರಂ ಬೇಕಾದವರು ಹೇಗೂ ಕೊಳ್ಳಲೇಬೇಕು, ಮಾರ್ಜಿನ್ ಮೊದಲೇ ತೆಳು. ತಂದೆತಾಯಿಗೆ ಇರುವ ಭಯವೇ ಬೇರೆ. ಏಪ್ರಿಲ್‌ನಲ್ಲಿ ಅಳತೆ ನೋಡಿ ತಗೊಂಡರೆ ಜೂನ್ ಹೊತ್ತಿಗೆ ಮಗು ಬೆಳೆದಿರುತ್ತದೆ. ಅದಕ್ಕೇ ಎಲ್ಲರೂ ಕೊನೇ ವಾರದವರೆಗೆ ಕಾಯುತ್ತಾರೆ, ಕೊನೇ ವಾರ 28, 30 ಸೈಜ್ ಮುಗಿದಿರುತ್ತದೆ. ಆದ್ದರಿಂದ ಡಿಸ್ಕೌಂಟ್ ಬದಲು "ಈಗ ತಗೊಳ್ಳಿ, ತೊಳೆಯದಿದ್ದರೆ ಜೂನ್ 30ರವರೆಗೆ ಸೈಜ್ ಬದಲಿಸಿ ಕೊಡ್ತೀವಿ" ಅಂತ ಏಪ್ರಿಲ್ ಎರಡನೇ ವಾರ, ಶಾಲೆ ರಜೆ ಬಿಟ್ಟ ಕೂಡಲೇ ಮೆಸೇಜ್ ಹಾಕೋಣ ಅಂತ ನನ್ನ ವಾದ. ಕೆಲವು ಸಿಬಿಎಸ್‌ಇ ಶಾಲೆಗಳು ಏಪ್ರಿಲ್ ಶುರುವಿಗೇ ತೆರೆಯುತ್ತವೆ, ಅವರಿಗೆ ಮಾರ್ಚಿನಲ್ಲೇ ಬೇರೆ ಲಿಸ್ಟ್. ಆದರೆ 2026ರ ಮಾರ್ಚ್ ಮೊದಲೇ ಭಾರ. ಯುಗಾದಿ 19ಕ್ಕೆ, ರಂಜಾನ್ ಹಬ್ಬವೂ ಅದೇ ವಾರ. ಹಾಗಾಗಿ ಆ ಲಿಸ್ಟನ್ನು ತಿಂಗಳ ಮೊದಲ ವಾರ, ಸಂಬಳ ಬಂದ ಹೊತ್ತಿಗೇ ಕಳಿಸಬೇಕು.

ಯಜಮಾನರು ಇನ್ನೂ ಪೂರ್ತಿ ಒಪ್ಪಿಲ್ಲ. ಒಂದೇ ಒಂದು ಶಾಲೆಯ ಯೂನಿಫಾರಂ ಮೇಲೆ ಮಾಡಿ ನೋಡು ಅಂದಿದ್ದಾರೆ. ಬದಲಿಸಿಕೊಂಡು ಹೋದ ಪ್ರತಿ ಸೈಜನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು ಅಂತ ಷರತ್ತು. ಪುಸ್ತಕಕ್ಕೆ ಗೆರೆ ಹಾಕಿ ಕೌಂಟರಿನಲ್ಲಿ ಇಟ್ಟಿದ್ದೇನೆ.