ಡೌನ್‌ಲೋಡ್ ಆದ ಸಿನಿಮಾ ಗ್ಯಾಲರಿಯಲ್ಲಿ ಯಾಕೆ ಕಾಣಿಸುವುದಿಲ್ಲ?

ಸಿನಿಮಾ ಆ್ಯಪ್‌ಗಳ ಸಹಾಯವಾಣಿಯಲ್ಲಿ ಕೂತವರಿಗೆ ಪದೇಪದೇ ಬರುವ ದೂರು ಇದು: "ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ್ದೀನಿ, ಫೋನಿನ ಜಾಗವೂ ತುಂಬಿದೆ, ಆದರೆ ಗ್ಯಾಲರಿಯಲ್ಲಿ ಸಿನಿಮಾನೇ ಇಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಟಿವಿಯಲ್ಲಿ ನೋಡೋದು ಹೇಗೆ?" ಫೈಲ್ ಇರುವುದು ಆ್ಯಪ್‌ನ ಖಾಸಗಿ ಫೋಲ್ಡರಿನಲ್ಲಿ, ಅದಕ್ಕೇ ಗ್ಯಾಲರಿಗೆ ಕಾಣಿಸುವುದಿಲ್ಲ ಎಂದು ಹೇಳಿ ಮುಗಿಸುವವರು ಬಹಳ. ಅದು ಅರ್ಧ ಉತ್ತರ. ಆ ಫೋಲ್ಡರಿನಿಂದ ಫೈಲನ್ನು ಹೇಗಾದರೂ ಹೊರಗೆ ತಂದರೂ ಅದು ಎಲ್ಲೂ ಓಡುವುದಿಲ್ಲ. ಉಳಿದರ್ಧ ಉತ್ತರ ಡಿಆರ್‌ಎಂ, ಅಂದರೆ ಹಕ್ಕು ಪಡೆದವರಷ್ಟೇ ಸಿನಿಮಾ ನೋಡುವಂತೆ ಕಾಯುವ ವ್ಯವಸ್ಥೆ, ಮಾಡುವ ಗೂಢಲಿಪೀಕರಣದಲ್ಲಿದೆ. ಸಿನಿಮಾಗೆ ಈ ಬೀಗ ಹಾಕಿ ಸಿದ್ಧಪಡಿಸುವ ಪ್ಯಾಕೇಜಿಂಗ್ ಅಥವಾ ಪ್ಲೇಯರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಅರಿಯಬೇಕಾದದ್ದೂ ಅದನ್ನೇ.

ವಿವರಣೆ ಕೇಳುವುದಕ್ಕಿಂತ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ನೀವೇ ಫೋನಿನಲ್ಲಿ ತೆಗೆದ, ಒಂದು ನಿಮಿಷದ ವಿಡಿಯೊ ಸಾಕು. ಅದು ಎಚ್.264 ವಿಡಿಯೊ ಇರುವ ಎಂಪಿ4 ಆಗಿರಲಿ. `ffmpeg` ಎಂಬ ವಿಡಿಯೊ ಸಾಫ್ಟ್‌ವೇರಿನಿಂದ ಅದಕ್ಕೆ ಬೀಗ ಹಾಕೋಣ.

```
ffmpeg -i test.mp4 -c copy \
  -encryption_scheme cenc-aes-ctr \
  -encryption_key 00112233445566778899aabbccddeeff \
  -encryption_kid 0123456789abcdef0123456789abcdef \
  enc.mp4
```

ಇಲ್ಲಿ ಎರಡು ಸಂಖ್ಯೆಗಳಿವೆ, ಎರಡೂ 16 ಬೈಟ್. ಮೊದಲನೆಯದು ನಿಜವಾದ ಬೀಗದ ಕೀ, ಎಇಎಸ್-128 ಕೀ. ಎರಡನೆಯದು ಆ ಕೀಗೆ ಕಟ್ಟಿದ ಚೀಟಿ. ಕೆಲಸದಲ್ಲಿ ಎಲ್ಲರೂ ಅದನ್ನು ಕೆಐಡಿ ಎನ್ನುತ್ತಾರೆ. ಚೀಟಿ ಫೈಲಿನೊಳಗೇ ಬಹಿರಂಗವಾಗಿ ಇರುತ್ತದೆ. ಕೀ ಮಾತ್ರ ಫೈಲಿನಲ್ಲಿ ಎಲ್ಲೂ ಇರುವುದಿಲ್ಲ.

ಈಗ ಹೊಸ ಫೈಲನ್ನು `ffprobe` ಮೂಲಕ ನೋಡಿ. ಅವಧಿ, ಅಗಲ, ಎತ್ತರ ಎಲ್ಲ ಸರಿಯಾಗೇ ಕಾಣುತ್ತದೆ. ಗಾತ್ರವೂ ಹೆಚ್ಚುಕಮ್ಮಿ ಮೊದಲಿನಷ್ಟೇ. ಮೊದಲು `avc1` ಎಂದಿದ್ದ ಕಡೆ `encv` ಎಂದು ಬಂದಿರುತ್ತದೆ, ಅಷ್ಟೆ. ಆದರೆ ಪ್ಲೇ ಮಾಡಿದರೆ ಟರ್ಮಿನಲ್ ತುಂಬ ದೋಷದ ಸಾಲುಗಳು ಸುರಿಯುತ್ತವೆ. ಪರದೆಯ ಮೇಲೆ ಬೂದು ಅಥವಾ ಹಸಿರು ಕಲಸುಮೇಲೋಗರ, ಇಲ್ಲವೇ ಏನೂ ಇಲ್ಲ. ಅದೇ ಫೈಲಿಗೆ ನೀವೇ ಇಟ್ಟ ಕೀ ಕೊಟ್ಟರೆ ಸರಾಗವಾಗಿ ಓಡುತ್ತದೆ:

```
ffplay -decryption_key 00112233445566778899aabbccddeeff enc.mp4
```

ಕಾಮನ್ ಎನ್‌ಕ್ರಿಪ್ಷನ್ ಎಂಬ ಐಎಸ್‌ಒ ಮಾನದಂಡ, ಅಂದರೆ 23001-7, ಹೇಳುವುದು ಇಷ್ಟನ್ನೇ. ಡಬ್ಬಿಯ ಮೇಲಿನ ಬರಹ ಎಲ್ಲರಿಗೂ ಕಾಣಲಿ, ಒಳಗಿನ ಚಿತ್ರ ಮತ್ತು ಧ್ವನಿಯ ಬೈಟ್‌ಗಳು ಮಾತ್ರ ಕೀ ಇದ್ದವರಿಗೆ ಸಿಗಲಿ. ಎಷ್ಟನೇ ಸೆಕೆಂಡಿಗೆ ಜಿಗಿಯಬೇಕು, ಯಾವ ಡಿಕೋಡರ್ ಬೇಕು ಎಂಬುದು ಪ್ಲೇಯರಿಗೆ ಕೀ ಇಲ್ಲದೆಯೂ ತಿಳಿಯಬೇಕು, ಅದಕ್ಕಾಗಿ ಈ ಏರ್ಪಾಡು. ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ.

ಹಾಗಾದರೆ ಫೈಲನ್ನು ಉಳಿಸಿಕೊಳ್ಳುವುದಕ್ಕೆ ಯಾರೂ ಅಡ್ಡಿ ಮಾಡುತ್ತಿಲ್ಲ. ನಿಮ್ಮ `enc.mp4` ಅನ್ನು ನೂರು ಪೆನ್‌ಡ್ರೈವ್‌ಗೆ ಹಾಕಬಹುದು. ಎರಡೂವರೆ ಗಂಟೆಯ ಸಿನಿಮಾ ನಾಲ್ಕು ನಾಲ್ಕು ಸೆಕೆಂಡಿನ 2250 ತುಂಡುಗಳಾಗಿ ನೆಟ್‌ನಲ್ಲಿ ಬರುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 50 ಲಕ್ಷ ಬಿಟ್‌ನ ಗುಣಮಟ್ಟದಲ್ಲಿ ಒಟ್ಟು ಸುಮಾರು 5.6 ಜಿಬಿ. ಆ ತುಂಡುಗಳೂ ಬಿಡಿಬಿಡಿಯಾಗಿ ಸಾಮಾನ್ಯ ಫೈಲುಗಳೇ. ಸಿಗದೇ ಹೋಗುವುದು 16 ಬೈಟಿನ ಆ ಕೀ. ಸಾಧ್ಯವಿರುವ ಕೀಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುತ್ತೇನೆ ಎಂದರೆ 2ರ 128ನೇ ಘಾತದಷ್ಟಿವೆ, ಆ ದಾರಿ ಬಿಟ್ಟುಬಿಡಿ.

ಪ್ರಶ್ನೆ ಇರುವುದು ಇಲ್ಲಿ: ನಿಮ್ಮ ಫೋನಿನಲ್ಲೇ ಸಿನಿಮಾ ಓಡುತ್ತಿದೆ ಎಂದರೆ ಕೀ ನಿಮ್ಮ ಫೋನಿಗೆ ಬಂದಿರಲೇಬೇಕು. ಬಂದ ಕೀ ಯಾಕೆ ಕೈಗೆ ಸಿಗುವುದಿಲ್ಲ?

ಪ್ಲೇ ಒತ್ತಿದಾಗ ಆಗುವುದನ್ನು ಹಿಂಬಾಲಿಸೋಣ. ಪ್ಲೇಯರ್ ಫೈಲಿನ ತಲೆಭಾಗದಲ್ಲಿ `encv` ನೋಡಿ, ಪಕ್ಕದಲ್ಲಿರುವ ಕೆಐಡಿಯನ್ನೂ ಡಿಆರ್‌ಎಂಗೆ ಬೇಕಾದ ಮಾಹಿತಿ ಇರುವ `pssh` ಎಂಬ ಪೆಟ್ಟಿಗೆಯನ್ನೂ ತೆಗೆದು, ಬೀಗ ಬಿಚ್ಚುವ ಸಿಡಿಎಂ ಎಂಬ ಘಟಕಕ್ಕೆ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ, ಕ್ರೋಮ್‌ನಲ್ಲಿ ಅದು ವೈಡ್‌ವೈನ್, ಆ್ಯಪಲ್ ಸಾಧನಗಳಲ್ಲಿ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನದು ಪ್ಲೇರೆಡಿ. ಸಿಡಿಎಂ ಒಂದು ಕೋರಿಕೆ ಪತ್ರ ತಯಾರಿಸುತ್ತದೆ, ಅದಕ್ಕೆ ಆ ಸಾಧನದ ಗುರುತಿನ ಸಹಿ ಹಾಕುತ್ತದೆ. ಆ್ಯಪ್ ಈ ಪತ್ರವನ್ನು ಚಂದಾದಾರಿಕೆಯ ಟೋಕನ್ ಜೊತೆ ಲೈಸೆನ್ಸ್ ಸರ್ವರಿಗೆ ಒಯ್ಯುತ್ತದೆ. ಸರ್ವರ್ ಕೀಯನ್ನು ಕೊಡುತ್ತದೆ, ಆದರೆ ಆ ಸಾಧನದ ಸಿಡಿಎಂ ಮಾತ್ರ ಬಿಚ್ಚಬಲ್ಲ ಇನ್ನೊಂದು ಬೀಗದೊಳಗಿಟ್ಟು ಕೊಡುತ್ತದೆ. ನಡುವೆ ಓಡಾಡಿದ ಆ್ಯಪ್‌ಗಾಗಲಿ, ಬ್ರೌಸರಿನ ಜಾವಾಸ್ಕ್ರಿಪ್ಟ್‌ಗಾಗಲಿ ಸಿಗುವುದು ಅರ್ಥವಾಗದ ಬೈಟ್‌ಗಳ ಕಟ್ಟು. ಮುಚ್ಚಿದ ಲಕೋಟೆ ತಲುಪಿಸುವ ಪೋಸ್ಟ್‌ಮ್ಯಾನ್ ಕೆಲಸ ಅವುಗಳದ್ದು. ಬ್ರೌಸರಿನಲ್ಲಿ ಈ ಓಡಾಟದ ವಿಧಾನವನ್ನು ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ 2017ರಲ್ಲಿ ಮಾನದಂಡವಾಗಿ ಅಂಗೀಕರಿಸಿತು. ಅದರ ಹೆಸರು ಇಎಂಇ.

ಲಕೋಟೆ ಒಳಗೆ ತೆರೆಯುವ ಜಾಗ ಎಲ್ಲಿದೆ ಎಂಬುದರ ಮೇಲೆ ಭದ್ರತೆಯ ಮಟ್ಟ ನಿಂತಿದೆ. ವೈಡ್‌ವೈನ್ ಎಲ್1 ಇರುವ ಫೋನಿನಲ್ಲಿ ಬೀಗ ಬಿಚ್ಚುವುದೂ ವಿಡಿಯೊ ಡಿಕೋಡ್ ಮಾಡುವುದೂ ಚಿಪ್‌ನೊಳಗಿನ ಪ್ರತ್ಯೇಕ ಸುರಕ್ಷಿತ ವಲಯದ ಹಿಡಿತದಲ್ಲಿ ನಡೆಯುತ್ತದೆ. ಆ ವಲಯದ ಮೆಮೊರಿಯನ್ನು ಆಂಡ್ರಾಯ್ಡ್ ಕೂಡ ಓದಲಾರದು. ಎಲ್3ರಲ್ಲಿ ಎಲ್ಲವೂ ಸಾಫ್ಟ್‌ವೇರಿನಲ್ಲೇ, ಹಾಗಾಗಿ ಅದು ದುರ್ಬಲ. ಹಿಂದೆ ಮುರಿದದ್ದೂ ಉಂಟು. ಇದನ್ನು ಬಲ್ಲ ಕಂಪನಿಗಳು ಒಂದೇ ಸಿನಿಮಾದ ಕಡಿಮೆ ಗುಣಮಟ್ಟಕ್ಕೆ ಒಂದು ಕೀ, ಎಚ್‌ಡಿಗೆ ಬೇರೆ, 4ಕೆಗೆ ಇನ್ನೊಂದು ಎಂದು ಇಡುತ್ತವೆ. ಎಲ್3 ಸಾಧನಕ್ಕೆ ಸಾಮಾನ್ಯವಾಗಿ ಕಡಿಮೆ ಗುಣಮಟ್ಟದ ಕೀಯನ್ನು ಮಾತ್ರ ಕೊಡುತ್ತವೆ. "ಹೊಸ ಫೋನು, ಒಳ್ಳೆ ವೈಫೈ, ಆದರೂ ಚಿತ್ರ 480ಪಿ ದಾಟುತ್ತಿಲ್ಲ" ಎಂಬ ದೂರು ಬಂದರೆ ಇಂಟರ್ನೆಟ್ ವೇಗ ಕೇಳುವ ಮೊದಲು ಫೋನಿನ ವೈಡ್‌ವೈನ್ ಮಟ್ಟ ನೋಡಿ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೆಲವು ಫೋನುಗಳು ಎಲ್1ನಿಂದ ಎಲ್3ಕ್ಕೆ ಇಳಿದುಬಿಡುತ್ತವೆ.

"ಬೀಗ ಬಿಚ್ಚಿದ ಮೇಲಾದರೂ ಎಲ್ಲೋ ಒಂದು ಕಡೆ ಮಾಮೂಲಿ ಫೈಲ್ ಇರಬೇಕಲ್ಲ?" ಎಂದು ಇಂಜಿನಿಯರುಗಳೂ ಕೇಳುತ್ತಾರೆ. ಇರುವುದಿಲ್ಲ. ಪ್ಲೇಯರ್ ಇಡೀ ಸಿನಿಮಾವನ್ನು ಬಿಚ್ಚಿಟ್ಟುಕೊಂಡು ನಂತರ ತೋರಿಸುವುದಿಲ್ಲ. ಒಂದು ಫ್ರೇಮಿನ ಬೈಟ್‌ಗಳು ಸುರಕ್ಷಿತ ಮೆಮೊರಿಗೆ ಹೋಗುತ್ತವೆ, ಬೀಗ ಬಿಚ್ಚಿಕೊಳ್ಳುತ್ತವೆ, ಅಲ್ಲಿಂದಲೇ ಡಿಕೋಡರಿಗೆ ಇಳಿಯುತ್ತವೆ, ಚಿತ್ರವಾಗಿ ಪರದೆಗೆ ಹೋಗುತ್ತವೆ. ಆ ಜಾಗಕ್ಕೆ ಮುಂದಿನ ಫ್ರೇಮು ಬಂದು ಕೂರುತ್ತದೆ. ಬೀಗವೂ ಇಲ್ಲದ, ಗಾತ್ರವೂ ಚಿಕ್ಕದಾಗಿರುವ ರೂಪ ಎಂದರೆ ಈ ನಡುವಿನ ಕ್ಷಣದ್ದು ಮಾತ್ರ, ಅದೂ ಗೋಡೆಯ ಆಚೆ.

ಡಿಕೋಡರಿನಿಂದ ಹೊರಬಿದ್ದದ್ದನ್ನು ಹಿಡಿಯೋಣ ಎಂದರೆ ಲೆಕ್ಕ ನೋಡಿ. 1920×1080ರ ಒಂದು ಫ್ರೇಮ್ ಕುಗ್ಗಿಸದ ರೂಪದಲ್ಲಿ ಪಿಕ್ಸೆಲಿಗೆ ಒಂದೂವರೆ ಬೈಟ್‌ನಂತೆ ಸುಮಾರು 31 ಲಕ್ಷ ಬೈಟ್. ಸೆಕೆಂಡಿಗೆ 24 ಫ್ರೇಮ್ ಎಂದರೆ 75 ಎಂಬಿ. ಎರಡೂವರೆ ಗಂಟೆಗೆ ಸುಮಾರು 670 ಜಿಬಿ. 5.6 ಜಿಬಿಯ ಮೂಲ ಫೈಲ್ ಮರಳಿ ಸಿಗುವುದಿಲ್ಲ; ಮತ್ತೆ ಕುಗ್ಗಿಸಿದರೆ ಗುಣಮಟ್ಟ ಕಳೆದ ಇನ್ನೊಂದು ನಕಲಷ್ಟೇ. ಎಲ್1ರಲ್ಲಿ ಅದಕ್ಕೂ ಅವಕಾಶವಿಲ್ಲ. ಆ ಚಿತ್ರ ಸುರಕ್ಷಿತ ಬಫರಿನಿಂದ ನೇರವಾಗಿ ಪರದೆಗೆ ಹೋಗುವುದರಿಂದ ಸ್ಕ್ರೀನ್‌ಶಾಟ್ ತೆಗೆದರೆ ಬಟನ್‌ಗಳು, ಸಬ್‌ಟೈಟಲ್ ಬರಬಹುದು, ಸಿನಿಮಾ ಇರಬೇಕಾದ ಜಾಗ ಕಪ್ಪು. ಎಚ್‌ಡಿಎಂಐ ತಂತಿಯಲ್ಲಿ ಹೊರಟರೆ ಎಚ್‌ಡಿಸಿಪಿ ಎಂಬ ಬೇರೆಯೇ ಬೀಗ ಬೀಳುತ್ತದೆ. 4ಕೆಗೆ ಸಾಮಾನ್ಯವಾಗಿ ಅದರ 2.2 ಆವೃತ್ತಿ ಬೇಕು. ನಡುವೆ ಹಳೆಯ ಸ್ಪ್ಲಿಟರ್ ಇದ್ದರೆ ಕೀಯ ಸ್ಥಿತಿ `output-restricted` ಎಂದಾಗುತ್ತದೆ. ಗ್ರಾಹಕರು ಟಿವಿಯನ್ನು ಬೈಯುತ್ತಾರೆ, ತಪ್ಪು ಆ ಪುಟ್ಟ ಡಬ್ಬಿಯದು.

ಡೌನ್‌ಲೋಡ್‌ಗೆ ಮರಳೋಣ. ಅಲ್ಲಿ ಎರಡು ವಸ್ತುಗಳು ಬರುತ್ತವೆ: ಬೀಗ ಹಾಕಿದ ತುಂಡುಗಳು, ಮತ್ತು ಸಾಧನದಲ್ಲೇ ಉಳಿಯುವ ಲೈಸೆನ್ಸ್. ಲೈಸೆನ್ಸಿನಲ್ಲಿ ಕೀ ಜೊತೆ ಷರತ್ತುಗಳೂ ಇರುತ್ತವೆ. ಬಾಡಿಗೆಯ ಸಿನಿಮಾ ಆದರೆ ನೋಡಲು ಶುರುಮಾಡಲು 30 ದಿನ, ಶುರುಮಾಡಿದ ಮೇಲೆ 48 ಗಂಟೆ ಎಂಬುದು ಬಳಕೆಯಲ್ಲಿರುವ ಒಂದು ಮಾದರಿ. ಅವಧಿ ಮುಗಿದ ಮೇಲೆ ಫೈಲ್ ಒಂದು ಬೈಟೂ ಬದಲಾಗಿರುವುದಿಲ್ಲ, ಕೀಯ ಸ್ಥಿತಿ `expired` ಆಗಿರುತ್ತದೆ. ಫೈಲುಗಳನ್ನು ಬೇರೆ ಫೋನಿಗೆ ಸಾಗಿಸಿದರೆ ಲೈಸೆನ್ಸ್ ಜೊತೆಗೆ ಬರುವುದಿಲ್ಲ. ಬಂದರೂ ಆ ಫೋನಿನ ಸಿಡಿಎಂ ಅದನ್ನು ಬಿಚ್ಚಲಾರದು. ಫೋನ್ ರೀಸೆಟ್ ಮಾಡಿದವರಿಗೆ "ಎಸ್‌ಡಿ ಕಾರ್ಡಿನಲ್ಲಿ ಸಿನಿಮಾ ಹಾಗೇ ಇದೆಯಲ್ಲ" ಅನಿಸುವುದು ಸಹಜ. ಇದೆ, ಕೀ ಹೋಗಿದೆ. ಮತ್ತೆ ಲೈಸೆನ್ಸ್ ಪಡೆಯದೆ ಗತಿಯಿಲ್ಲ.

ಪ್ಯಾಕೇಜಿಂಗ್ ಮಾಡುವವರಿಗೆ ಎರಡು ಎಡವಟ್ಟುಗಳನ್ನು ಬಿಡಿಸಿ ಹೇಳಬೇಕು, ಎರಡರಲ್ಲೂ ನೋಡುಗರಿಗೆ ಕಾಣುವುದು ಸಿನಿಮಾ ಓಡುತ್ತಿಲ್ಲ ಎಂಬುದಷ್ಟೇ.

ಮೊದಲನೆಯದು ಚೀಟಿ ತಪ್ಪಿದ್ದು. ಫೈಲಿನಲ್ಲಿ ಒಂದು ಕೆಐಡಿ, ಸರ್ವರ್ ಕೊಟ್ಟ ಲೈಸೆನ್ಸಿನಲ್ಲಿ ಇನ್ನೊಂದು. ಆಗ ಪ್ಲೇಯರ್ ಸುತ್ತುತ್ತಲೇ ಇರುತ್ತದೆ. ಬ್ರೌಸರಿನಲ್ಲಿ `waitingforkey` ಎಂಬ ಘಟನೆ ಬರುತ್ತದೆ. ವೈಡ್‌ವೈನ್‌ನಲ್ಲಿ ಓಡಿ ಪ್ಲೇರೆಡಿಯಲ್ಲಿ ಮಾತ್ರ ಹೀಗಾದರೆ ಬೈಟ್‌ಗಳ ಕ್ರಮ ಪರೀಕ್ಷಿಸಿ. ಪ್ಲೇರೆಡಿ ಕೆಐಡಿಯನ್ನು ಮೈಕ್ರೋಸಾಫ್ಟ್‌ನ ಜಿಯುಐಡಿ ಪದ್ಧತಿಯಲ್ಲಿ ಬರೆಯುತ್ತದೆ, ಮೊದಲ ಮೂರು ಗುಂಪುಗಳ ಬೈಟ್‌ಗಳು ಹಿಂದುಮುಂದಾಗುತ್ತವೆ:

```
01234567-89ab-cdef-0123-456789abcdef
67452301-ab89-efcd-0123-456789abcdef
```

ಎರಡನೆಯದು ಚೀಟಿ ಸರಿಯಿದ್ದು ಕೀ ತಪ್ಪಾದದ್ದು. ಇದು ಹೆಚ್ಚು ಕಾಡುತ್ತದೆ. ಲೈಸೆನ್ಸ್ ಬರುತ್ತದೆ, ಕೀಯ ಸ್ಥಿತಿ `usable` ಎಂದೇ ತೋರಿಸುತ್ತದೆ, ಡಿಆರ್‌ಎಂ ಕಡೆಯಿಂದ ಒಂದೂ ದೂರಿಲ್ಲ. ಎಇಎಸ್‌ನ ಈ ಸಿಟಿಆರ್ ವಿಧಾನದಲ್ಲಿ "ಬಿಚ್ಚಿದ್ದು ಸರಿಯೇ" ಎಂದು ಪರೀಕ್ಷಿಸುವ ಗುರುತಿಲ್ಲ. ಯಾವ ಕೀ ಹಾಕಿದರೂ ಏನೋ ಒಂದು ಹೊರಬರುತ್ತದೆ. ಆ ಕಸ ಡಿಕೋಡರಿಗೆ ಹೋಗಿ ಅಲ್ಲಿ ದೋಷ ಏಳುತ್ತದೆ, ಎಲ್ಲರೂ ವಿಡಿಯೊ ಎನ್‌ಕೋಡಿಂಗ್ ಕೆಟ್ಟಿದೆ ಎಂದುಕೊಂಡು ದಿನಗಟ್ಟಲೆ ಅದನ್ನೇ ಕೆದಕುತ್ತಾರೆ. ಬೀಗ ಹಾಕುವ ಮುಂಚಿನ ಫೈಲ್ ಚೆನ್ನಾಗಿ ಓಡಿ, ಸ್ಥಿತಿ `usable` ಇದ್ದೂ ಡಿಕೋಡ್ ದೋಷ ಬಂದರೆ ಮೊದಲು ಕೀಗಳ ಪಟ್ಟಿಯನ್ನು ಅನುಮಾನಿಸಿ. ಕೀಯನ್ನು ಒಂದು ಕಡೆ ಹೆಕ್ಸ್, ಇನ್ನೊಂದು ಕಡೆ ಬೇಸ್64ನಲ್ಲಿ ಇಟ್ಟಿರುವ ತಂಡಗಳಲ್ಲಿ ಇದು ಆಗಾಗ ಆಗುತ್ತದೆ.

ಈ ಏರ್ಪಾಡು ತಡೆಯಲಾಗದ್ದು ಒಂದಿದೆ: ಪರದೆಯ ಎದುರು ಕ್ಯಾಮೆರಾ ಇಟ್ಟು ಕೂರುವವರನ್ನು. ಕಣ್ಣಿಗೆ ಕಾಣುವ ಬೆಳಕಿಗೆ ಬೀಗವಿಲ್ಲ. ಅದಕ್ಕೆ ಕೆಲವು ಕಂಪನಿಗಳು ಚಿತ್ರದೊಳಗೇ ಕಾಣದ ಗುರುತನ್ನು ಬೆರೆಸುತ್ತವೆ. ಸೋರಿದ ನಕಲಿನಿಂದ ಅದು ಯಾವ ಖಾತೆಯದು ಎಂದು ಹಿಂದಕ್ಕೆ ಹುಡುಕಬಹುದು. ಅದು ಡಿಆರ್‌ಎಂ ಕೆಲಸವಲ್ಲ, ಅದರ ತಂಡವೇ ಬೇರೆ. ಬೀಗವನ್ನೇ ಮುರಿಯುವ ವಿಷಯಕ್ಕೆ ಬಂದರೆ, 2012ರ ತಿದ್ದುಪಡಿಯಲ್ಲಿ ಸೇರಿದ ಭಾರತದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡುವವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಹೇಳುತ್ತದೆ. ಪೆನ್‌ಡ್ರೈವ್ ಕೇಳಿದ ಗ್ರಾಹಕರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಟಿವಿಯಲ್ಲೇ ಅದೇ ಆ್ಯಪ್ ಹಾಕಿ, ಅದೇ ಖಾತೆಯಿಂದ ಲಾಗಿನ್ ಆಗಿ ಎಂದರೆ ಸಾಕು. ಟಿವಿ ತನ್ನ ಹೆಸರಿನಲ್ಲಿ ತನ್ನದೇ ಲೈಸೆನ್ಸ್ ಕೇಳಿ ಪಡೆಯುತ್ತದೆ.